ಒಂದೇ ಉಸಿರಿಗೆ ಕೇಳಿದ ಪ್ರಶ್ನೆಪತ್ರಿಕೆ

ಬೋಧನಾಭ್ಯಾಸದ ಮೂರನೆಯ ವಾರ ಎಂಟನೆಯ ತರಗತಿಗೆ ‘ಶಬ್ದ’ ಪಾಠವನ್ನು ಮುಗಿಸಿ 25 ಅಂಕದ ಘಟಕ ಪರೀಕ್ಷೆ ಕೊಟ್ಟೆ. ಪರೀಕ್ಷೆ ಬರೆದವರು 38 ಮಕ್ಕಳು. ಮೌಲ್ಯಮಾಪನ ಮಾಡಿ ಉತ್ತರಪತ್ರಿಕೆಗಳನ್ನು ಹಂಚಿದ ದಿನ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ತನ್ನ ಪತ್ರಿಕೆ ಹಿಡಿದು ಮೇಜಿನ ಹತ್ತಿರ ಬಂದಳು. ಬಹು ಆಯ್ಕೆಯ ನಾಲ್ಕನೆಯ ಪ್ರಶ್ನೆಗೆ ನಾನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದ್ದೆ. ಪ್ರಶ್ನೆ ಇದು: ತಂಬೂರಿಯ ತಂತಿಯನ್ನು ಮೊದಲಿಗಿಂತ ಜೋರಾಗಿ ಮೀಟಿದರೆ ಏನು ಹೆಚ್ಚಾಗುತ್ತದೆ? ಆಯ್ಕೆಗಳು: (ಅ) ಆವೃತ್ತಿ (ಆ) ಪಾರ (ಇ) ಆವರ್ತಕಾಲ (ಈ) ತಂತಿಯ ಉದ್ದ. ಅವಳು ‘ಆ’ ಎಂದು ಬರೆದಿದ್ದಳು. ನನ್ನ ಉತ್ತರಸೂಚಿಯಲ್ಲಿ ‘ಅ’ ಎಂದಿತ್ತು.

“ಮೇಡಂ, ನಮ್ಮ ತಾತ ಭಜನೆಗೆ ತಂಬೂರಿ ಹಿಡೀತಾರೆ. ಎಷ್ಟು ಜೋರಾಗಿ ಮೀಟಿದ್ರೂ ಶ್ರುತಿ ಬದಲಾಗಲ್ಲ, ಸದ್ದು ಮಾತ್ರ ದೊಡ್ಡದಾಗುತ್ತೆ. ಶ್ರುತಿ ಬದಲಾಗ್ಬೇಕು ಅಂದ್ರೆ ಬಿರಡೆ ತಿರುಗಿಸ್ಬೇಕು,” ಎಂದಳು.

ಅವಳು ಹೇಳಿದ್ದು ಅಕ್ಷರಶಃ ಸರಿ. ಹಿಂದಿನ ವಾರ ನಾನೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡಿದ್ದೆ: ಜೋರಾಗಿ ಮೀಟಿದರೆ ಕಂಪನದ ಪಾರ ಹೆಚ್ಚುತ್ತದೆ, ಅದರಿಂದ ಶಬ್ದದ ಗಟ್ಟಿತನ ಹೆಚ್ಚುತ್ತದೆ; ಆವೃತ್ತಿ ಹೆಚ್ಚಿದರೆ ಸ್ಥಾಯಿ ಏರುತ್ತದೆ. ರಾತ್ರಿ ಹತ್ತರ ನಂತರ ಉತ್ತರಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ಹಾಕುತ್ತಾ ಹೋಗಿದ್ದೆ. ಪ್ರಶ್ನೆಯನ್ನು ಮತ್ತೊಮ್ಮೆ ಓದಿರಲಿಲ್ಲ. ಎಲ್ಲ ಪತ್ರಿಕೆಗಳನ್ನೂ ವಾಪಸು ತೆಗೆದುಕೊಂಡು ಎಣಿಸಿದೆ. 11 ಮಕ್ಕಳು ‘ಆ’ ಎಂದು ಸರಿಯಾಗಿ ಬರೆದು ಅಂಕ ಕಳೆದುಕೊಂಡಿದ್ದರು. 22 ಮಕ್ಕಳು ‘ಅ’ ಎಂದು ತಪ್ಪು ಬರೆದು ಅಂಕ ಪಡೆದಿದ್ದರು. ನಾನು ಕಲಿಸಿದ್ದನ್ನು ಯಾರು ಗ್ರಹಿಸಿದ್ದಾರೆಂದು ತಿಳಿಯಲು ಕೊಟ್ಟ ಪರೀಕ್ಷೆ ಆ ಒಂದು ಪ್ರಶ್ನೆಯಲ್ಲಿ ಪೂರ್ತಿ ತಿರುವುಮುರುವಾಗಿತ್ತು.

ಆ ಉತ್ತರಸೂಚಿಯನ್ನು ನಾನು ಬರೆದಿರಲಿಲ್ಲ. ಎಐ ಭಾಷಾ ಮಾದರಿಯೊಂದಕ್ಕೆ ಪ್ರಾಂಪ್ಟ್ ಕೊಟ್ಟು ಬರೆಸಿದ್ದೆ. ನಮ್ಮಲ್ಲಿ ಹಲವರು ಈಗ ಹಾಗೆ ಮಾಡುತ್ತಿದ್ದೇವೆ, ಆದರೆ ಅಭ್ಯಾಸ ಬೋಧನೆಯ ದಾಖಲೆ ಪುಸ್ತಕದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ನಾನು ಬರೆಯುತ್ತೇನೆ, ಏಕೆಂದರೆ ತಪ್ಪು ಎಲ್ಲಿ ಹುಟ್ಟಿತು, ಎಲ್ಲಿ ಅಡಗಿತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ವಿಧಾನ ಉಳಿದವರಿಗೂ ಬೇಕಾಗಬಹುದು.

ನಾನು ಕೊಟ್ಟಿದ್ದ ಪ್ರಾಂಪ್ಟ್ ಹೀಗಿತ್ತು:

```
ಎಂಟನೇ ತರಗತಿ ವಿಜ್ಞಾನ, ‘ಶಬ್ದ’ ಪಾಠಕ್ಕೆ 25 ಅಂಕಗಳ ಘಟಕ ಪರೀಕ್ಷೆ
ತಯಾರಿಸು. ನೀಲನಕ್ಷೆ, ಪ್ರಶ್ನೆಪತ್ರಿಕೆ, ಉತ್ತರಸೂಚಿ ಮೂರೂ ಬೇಕು.
ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಲ್ಲ ಉದ್ದೇಶಗಳೂ ಇರಲಿ.
```

ಅರ್ಧ ನಿಮಿಷದೊಳಗೆ ಮೂರೂ ಬಂದವು. ನೋಡಲು ಅಚ್ಚುಕಟ್ಟಾಗಿದ್ದವು. ಆದರೆ ನೀಲನಕ್ಷೆಯ ಕೊನೆಯಲ್ಲಿ 25 ಎಂದಿದ್ದರೂ ಪ್ರಶ್ನೆಗಳ ಅಂಕ ಕೂಡಿದರೆ 28 ಆಗುತ್ತಿತ್ತು. ಎರಡು ಪ್ರಶ್ನೆಗಳು ಪ್ರತಿಧ್ವನಿಯ ಮೇಲಿದ್ದವು. ಅದು ಒಂಬತ್ತನೆಯ ತರಗತಿಯ ವಿಷಯ. ತರಗತಿಯಲ್ಲಿ ನಾನು ‘ಪಾರ’ ಎಂದು ಕಲಿಸಿದ್ದು ಒಂದು ಕಡೆ ‘ಆಯಾಮ’ ಆಗಿತ್ತು. ‘ಆವೃತ್ತಿ’ ಒಂದು ಕಡೆ ‘ಆವರ್ತನ’, ಇನ್ನೊಂದು ಕಡೆ ‘ಕಂಪನಾಂಕ’ ಆಗಿತ್ತು. ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು, ಆದ್ದರಿಂದ ತಿದ್ದಿದೆ. ಎರಡು ಪ್ರಶ್ನೆ ತೆಗೆದೆ, ಪದ ಬದಲಿಸಿದೆ, ಅಂಕ ಸರಿದೂಗಿಸಿದೆ. ಇಷ್ಟು ತಿದ್ದಿದ ಮೇಲೆ ಪತ್ರಿಕೆಯನ್ನು ಪರಿಶೀಲಿಸಿದ್ದೇನೆ ಎಂಬ ಸಮಾಧಾನ ಬಂತು. ಕಣ್ಣಿಗೆ ಬೀಳದ ತಪ್ಪು ಉತ್ತರಸೂಚಿಯಲ್ಲಿ ಹಾಗೆಯೇ ಕುಳಿತಿತ್ತು.

ನಮ್ಮ ವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕರಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ. ಆ ಪ್ರಾಂಪ್ಟನ್ನು ಎರಡು ಸಲ ಓದಿ, “ನೋಡಮ್ಮ, ಸೂಕ್ಷ್ಮ ಬೋಧನೆಯಲ್ಲಿ ನಿಮಗೆ ಮೊದಲ ದಿನವೇ 40 ನಿಮಿಷದ ಪೂರ್ಣ ಪಾಠ ಕೊಟ್ಟಿದ್ವಾ?” ಎಂದು ಕೇಳಿದರು.

ಕೊಟ್ಟಿರಲಿಲ್ಲ. ಆರು ನಿಮಿಷ, ಒಂದೇ ಕೌಶಲ, ಎದುರಿಗೆ ವೀಕ್ಷಣಾ ಪಟ್ಟಿ ಹಿಡಿದ ಗೆಳತಿಯರು, ಮತ್ತೆ ಆರು ನಿಮಿಷ ಹಿಮ್ಮಾಹಿತಿ. ಪ್ರಶ್ನಿಸುವ ಕೌಶಲ ಸರಿಯಾದ ಮೇಲೆ ಉದಾಹರಣೆ ಕೊಡುವ ಕೌಶಲ, ಅದರ ಮೇಲೆ ಕಪ್ಪುಹಲಗೆ ಬಳಕೆ. ತಪ್ಪು ಯಾವ ಕೌಶಲದಲ್ಲಿದೆ ಎಂದು ಬೇರೆಯಾಗಿ ಕಾಣಿಸಲಿ ಎಂದೇ ಹಾಗೆ ಒಡೆಯುವುದು. ನನ್ನ ಪ್ರಾಂಪ್ಟಿನಲ್ಲಿ ಕನಿಷ್ಠ ಐದು ಕೆಲಸಗಳನ್ನು ಒಂದೇ ಉಸಿರಿಗೆ ಕೇಳಿದ್ದೆ: ಪಾಠದಲ್ಲಿ ಏನಿದೆ ಎಂದು ತಿಳಿಯುವುದು, ಅಂಕ ಹಂಚುವುದು, ಪ್ರಶ್ನೆ ಬರೆಯುವುದು, ಉತ್ತರಿಸುವುದು, ಎಲ್ಲವೂ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವುದು. ಭಾಷಾ ಮಾದರಿ ಬರೆಯುವುದು ಮುಂದಕ್ಕೆ ಮಾತ್ರ. ಆಗಲೇ ಬರೆದದ್ದರ ಮೇಲೆ ಮುಂದಿನ ಪದವನ್ನು ಕಟ್ಟುತ್ತಾ ಹೋಗುತ್ತದೆ. ನಾವು ಪ್ರಶ್ನೆ ಬರೆದು, ಕೂಡಿ ನೋಡಿ, ಹಿಂದೆ ಹೋಗಿ ನೀಲನಕ್ಷೆ ತಿದ್ದುವ ಹಾಗೆ ಒಂದೇ ಉತ್ತರದೊಳಗೆ ಹಿಂದೆ ಹೋಗಿ ಬರೆದದ್ದನ್ನು ಅಳಿಸುವುದಿಲ್ಲ. ಪಾಠವನ್ನು ನಾನು ಕೊಟ್ಟೂ ಇರಲಿಲ್ಲ. ಆದ್ದರಿಂದ ‘ಶಬ್ದ’ ಎಂಬ ಶೀರ್ಷಿಕೆಗೆ ಎಲ್ಲೆಲ್ಲಿಂದಲೋ ಹೊಂದುವುದೆಲ್ಲ ಬಂತು.

“ಹಂತ ಹಂತವಾಗಿ ಯೋಚಿಸು” ಎಂದು ಅದೇ ಪ್ರಾಂಪ್ಟಿಗೆ ಸೇರಿಸಿದರೆ ಸಾಲದೇ ಎಂದು ನನಗೂ ಅನಿಸಿತು. ಸೇರಿಸಿ ನೋಡಿದೆ. ಪ್ರತಿಧ್ವನಿ ಹೋಯಿತು, ಅಂಕದ ಮೊತ್ತ ಇನ್ನೂ 26 ಇತ್ತು. ಮುಖ್ಯ ತೊಂದರೆ ಬೇರೆಯದು. ಹಂತಗಳೆಲ್ಲ ಒಂದೇ ಉತ್ತರದೊಳಗೆ ನಡೆದುಹೋದರೆ ಮಧ್ಯದಲ್ಲಿ ನಿಲ್ಲಿಸಿ ನೋಡಲು ನನಗೆ ಜಾಗವೇ ಇರುವುದಿಲ್ಲ. ಬೇರೆ ಬೇರೆ ಪ್ರಾಂಪ್ಟುಗಳಾಗಿ ಒಡೆದರೆ ಒಂದರ ಫಲ ನನ್ನ ಕೈಗೆ ಬಂದು, ನಾನು ನೋಡಿ, ತಿದ್ದಿ, ಆಮೇಲೆ ಮುಂದಿನದಕ್ಕೆ ಕೊಡಬಹುದು. ಸರಪಳಿಯ ಪ್ರಯೋಜನ ಕೊಂಡಿಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕೊಂಡಿ ಕೂಡುವ ಜಾಗದಲ್ಲಿದೆ. ಸೂಕ್ಷ್ಮ ಬೋಧನೆಯಲ್ಲಿ ಹಿಮ್ಮಾಹಿತಿಯ ಆರು ನಿಮಿಷ ಮಾಡುವ ಕೆಲಸವನ್ನೇ ಇಲ್ಲಿ ಆ ಜಾಗ ಮಾಡುತ್ತದೆ.

ಮರುಪರೀಕ್ಷೆ ಕೊಡುವುದೆಂದು ತೀರ್ಮಾನಿಸಿ ಅದೇ ಪಾಠಕ್ಕೆ ಹೊಸ ಪತ್ರಿಕೆಯನ್ನು ಐದು ಹಂತಗಳಲ್ಲಿ ಮಾಡಿದೆ.

ಮೊದಲನೆಯದು ವಿಷಯ ವಿಶ್ಲೇಷಣೆ. ಪಾಠವನ್ನು ಟೈಪು ಮಾಡಿ ಪ್ರತಿ ಕಂಡಿಕೆಗೂ ಸಂಖ್ಯೆ ಹಾಕಿದೆ. ಪ್ರಾಂಪ್ಟ್ ಇಷ್ಟೇ:

```
ಕೆಳಗಿನ ಪಾಠದಿಂದ ಪರೀಕ್ಷಿಸಬಹುದಾದ ಅಂಶಗಳನ್ನು ಪಟ್ಟಿ ಮಾಡು.
ಪ್ರತಿ ಅಂಶ ಒಂದೇ ವಾಕ್ಯ; ಮುಂದೆ ಕಂಡಿಕೆಯ ಸಂಖ್ಯೆ ಬರೆ.
ಪಾಠದಲ್ಲಿ ಇಲ್ಲದ್ದನ್ನು ಸೇರಿಸಬೇಡ. ಪಾಠದ ಪಾರಿಭಾಷಿಕ ಪದವನ್ನೇ ಬಳಸು.
```

31 ಅಂಶಗಳು ಬಂದವು. ಕಂಡಿಕೆಯ ಸಂಖ್ಯೆ ಕೇಳಿದ್ದು ನನ್ನ ಅನುಕೂಲಕ್ಕೆ. ಒಂದೊಂದು ಅಂಶಕ್ಕೂ ಆ ಕಂಡಿಕೆಗೆ ಹೋಗಿ ನೋಡಿದೆ. ಎರಡಕ್ಕೆ ಪಾಠದಲ್ಲಿ ಆಧಾರ ಇರಲಿಲ್ಲ, ಹೊಡೆದುಹಾಕಿದೆ. 29 ಉಳಿದವು. ಪದಗಳ ಪಟ್ಟಿಯೂ ಇಲ್ಲಿಯೇ ಸಿಕ್ಕಿತು: ಪಾರ, ಆವೃತ್ತಿ, ಆವರ್ತಕಾಲ, ಸ್ಥಾಯಿ, ಗಟ್ಟಿತನ. ಇದನ್ನು ಬೇರೆ ಇಟ್ಟುಕೊಂಡು ಮುಂದಿನ ಪ್ರತಿ ಪ್ರಾಂಪ್ಟಿನ ಕೊನೆಯಲ್ಲೂ ಅಂಟಿಸಿದೆ. ಪದಗಳು ಬದಲಾಗುವ ತೊಂದರೆ ಅಲ್ಲಿಗೆ ನಿಂತಿತು.

ಎರಡನೆಯದು ನೀಲನಕ್ಷೆ. ಮೊದಲು ಇದನ್ನೂ ಮಾದರಿಗೇ ಕೊಟ್ಟೆ. ಅಡ್ಡ ಮೊತ್ತ ಸರಿಯಿದ್ದರೆ ಉದ್ದ ಮೊತ್ತ ತಪ್ಪುತ್ತಿತ್ತು. ಎರಡು ಸಲ ನೋಡಿ ಬಿಟ್ಟುಬಿಟ್ಟೆ, ಕೈಯಲ್ಲೇ ಮಾಡಿದೆ. ಕೂಡುವ ಕೆಲಸಕ್ಕೆ ಸ್ಪ್ರೆಡ್‌ಶೀಟ್ ಸಾಕು. ಯಾವ ಉದ್ದೇಶಕ್ಕೆ ಎಷ್ಟು ಭಾರ ಎಂಬುದು ತರಗತಿಯನ್ನು ನೋಡಿದ ನನ್ನ ತೀರ್ಮಾನ. ಸರಪಳಿಯ ಪ್ರತಿ ಕೊಂಡಿಯೂ ಪ್ರಾಂಪ್ಟೇ ಆಗಬೇಕಿಲ್ಲ. ಉಪಘಟಕಗಳಿಗೆ ಹೀಗೆ ಹಂಚಿದೆ: ಶಬ್ದದ ಉತ್ಪತ್ತಿಗೆ 6, ಮಾಧ್ಯಮ ಮತ್ತು ಕಿವಿಗೆ 6, ಪಾರ–ಆವೃತ್ತಿ–ಆವರ್ತಕಾಲಕ್ಕೆ 9, ಗದ್ದಲ ಮತ್ತು ಶಬ್ದ ಮಾಲಿನ್ಯಕ್ಕೆ 4. ಉದ್ದೇಶಗಳಲ್ಲಿ ಜ್ಞಾನ 7, ತಿಳುವಳಿಕೆ 9, ಅನ್ವಯ 6, ಕೌಶಲ 3. ಪ್ರಶ್ನೆಗಳು ಒಟ್ಟು 16. ಒಂದು ಅಂಕದವು ಒಂಬತ್ತು, ಎರಡು ಅಂಕದವು ಐದು, ಮೂರು ಅಂಕದವು ಎರಡು. ಒಂದೊಂದು ಪ್ರಶ್ನೆಗೂ ಒಂದೊಂದು ಸಾಲು ಬರೆದೆ. ಅದರಲ್ಲಿ ಮೊದಲ ಹಂತದ ಯಾವ ಅಂಶಗಳನ್ನು ಬಳಸಬಹುದು ಎಂಬುದೂ ಸೇರಿತ್ತು.

ಮೂರನೆಯದು ಪ್ರಶ್ನೆ ಬರೆಯುವುದು. ಇಲ್ಲಿ ಮುಂದಕ್ಕೆ ಸಾಗಿಸಿದ್ದು ಏನನ್ನು ಎಂಬುದು ಮುಖ್ಯ. ಒಂದು ಪ್ರಶ್ನೆಗೆ ಕೊಟ್ಟದ್ದು ಹೀಗಿತ್ತು:

```
ಪ್ರಶ್ನೆ 11 | ಉಪಘಟಕ: ಪಾರ, ಆವೃತ್ತಿ, ಆವರ್ತಕಾಲ
ಉದ್ದೇಶ: ಅನ್ವಯ | ರೂಪ: ಕಿರು ಉತ್ತರ | ಅಂಕ: 2
ಬಳಸಬಹುದಾದ ಅಂಶಗಳು: 17, 18
```

ಇದರ ಕೆಳಗೆ 17 ಮತ್ತು 18ನೆಯ ಅಂಶಗಳ ಪೂರ್ಣ ವಾಕ್ಯಗಳು, ಪದಪಟ್ಟಿ, ಅಷ್ಟೇ. ಬಂದ ಪ್ರಶ್ನೆ: ಒಂದು ಲೋಲಕವು 5 ಸೆಕೆಂಡುಗಳಲ್ಲಿ 20 ಆಂದೋಲನಗಳನ್ನು ಮಾಡುತ್ತದೆ, ಅದರ ಆವೃತ್ತಿ ಮತ್ತು ಆವರ್ತಕಾಲ ಕಂಡುಹಿಡಿಯಿರಿ. ಉತ್ತರ 4 ಹರ್ಟ್ಸ್ ಮತ್ತು 0.25 ಸೆಕೆಂಡು. ಎರಡು ಅಂಕ, ಎರಡು ಹೆಜ್ಜೆ, ನಾನು ಕೇಳಿದ ಉದ್ದೇಶ. ಒಂದೇ ಸಲಕ್ಕೆ 16 ಸಾಲುಗಳನ್ನೂ ಕೊಟ್ಟು ನೋಡಿದಾಗ ಕೊನೆಯ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವಾಗಿದ್ದವು. ಒಂದೊಂದೇ ಕೊಟ್ಟರೆ ಹದಿನಾರು ಸಲ ಕೂರಬೇಕು. ಮೇಲಾಗಿ ಒಂದು ಪ್ರಶ್ನೆ ಇನ್ನೊಂದನ್ನು ಅರಿಯದೆ ಅದೇ ವಿಷಯವನ್ನು ಎರಡು ಸಲ ಕೇಳುತ್ತಿತ್ತು. ಉಪಘಟಕಕ್ಕೆ ಒಂದರಂತೆ ನಾಲ್ಕು ಕಂತು ಮಾಡಿ, ಪ್ರತಿ ಕಂತಿಗೂ ಹಿಂದಿನ ಕಂತಿನ ಪ್ರಶ್ನೆಗಳನ್ನು ಸೇರಿಸಿ “ಇವನ್ನು ಮತ್ತೆ ಕೇಳಬೇಡ” ಎಂದಾಗ ಹದ ಸಿಕ್ಕಿತು.

ನಾಲ್ಕನೆಯದು ಉತ್ತರಸೂಚಿ ಇಲ್ಲದೆ ಉತ್ತರಿಸುವುದು. ಹೊಸ ಸಂಭಾಷಣೆ ತೆರೆದು ಪ್ರಶ್ನೆಗಳನ್ನು ಮಾತ್ರ ಕೊಟ್ಟು ಉತ್ತರ ಬರೆಸಿದೆ. ಅದೇ ಸಂಭಾಷಣೆಯಲ್ಲಿ “ಉತ್ತರಸೂಚಿ ಸರಿಯೇ ನೋಡು” ಎಂದರೆ ಮೊದಲು ಬರೆದ ಉತ್ತರಗಳು ಎದುರಿಗೇ ಇರುತ್ತವೆ, ಅವುಗಳ ಜಾಡಿನಲ್ಲೇ ಸಮರ್ಥನೆ ಬರುತ್ತದೆ. ನಕಲು ಮಾಡಿದ ಹುಡುಗನಿಂದಲೇ ನಕಲನ್ನು ತಿದ್ದಿಸಿದ ಹಾಗೆ. ಐದನೆಯದು ಹೋಲಿಕೆ: ಮೂರನೆಯ ಹಂತದ ಉತ್ತರಸೂಚಿ, ನಾಲ್ಕನೆಯ ಹಂತದ ಉತ್ತರ, ಎರಡನ್ನೂ ಪಕ್ಕಪಕ್ಕ ಇಟ್ಟು ಬೇರೆಯಾದವನ್ನು ಮಾತ್ರ ಆರಿಸುವುದು.

ಒಂದು ಪ್ರಶ್ನೆಯಲ್ಲಿ ಎರಡೂ ಬೇರೆಯಾದವು. “ಕೆಳಗಿನವುಗಳಲ್ಲಿ ಯಾವುದು ಗದ್ದಲ?” ಎಂಬ ಪ್ರಶ್ನೆಗೆ ಕೊಳಲು, ವೀಣೆ, ಲಾರಿಯ ಹಾರ್ನ್, ಮಿಕ್ಸಿ ಎಂಬ ಆಯ್ಕೆಗಳಿದ್ದವು. ಉತ್ತರಸೂಚಿ ಹಾರ್ನ್ ಎಂದಿತ್ತು, ನಾಲ್ಕನೆಯ ಹಂತ ಮಿಕ್ಸಿ ಎಂದಿತ್ತು. ಇಲ್ಲಿ ಉತ್ತರದ ತಪ್ಪಿಲ್ಲ, ಪ್ರಶ್ನೆಯದೇ ತಪ್ಪು. ಎರಡು ಸರಿ ಉತ್ತರಗಳಿವೆ. ಮಿಕ್ಸಿ ತೆಗೆದು ಮೃದಂಗ ಹಾಕಿದೆ. ಭಿನ್ನಾಭಿಪ್ರಾಯ ಬಂದಾಗ ಯಾವುದು ಸರಿ ಎಂದು ಕೇಳುವ ಮೊದಲು ಪ್ರಶ್ನೆಯನ್ನೇ ಅನುಮಾನಿಸಬೇಕು ಎಂದು ಇದರಿಂದ ಗೊತ್ತಾಯಿತು. ಉಳಿದ 15 ಪ್ರಶ್ನೆಗಳಲ್ಲಿ ಎರಡೂ ಕಡೆ ಒಂದೇ ಉತ್ತರ. ಪತ್ರಿಕೆ ಸಿದ್ಧವಾಯಿತೆಂದು ಖುಷಿಯಾಯಿತು.

ಸಿದ್ಧವಾಗಿರಲಿಲ್ಲ. ಒಮ್ಮೆ ಪೆಟ್ಟು ತಿಂದಿದ್ದರಿಂದ ಪತ್ರಿಕೆಯನ್ನು ನನ್ನ ಹಾಸ್ಟೆಲ್ ಗೆಳತಿಗೆ ಕೊಟ್ಟು ಪಾಠಪುಸ್ತಕ ತೆರೆದಿಟ್ಟುಕೊಂಡು ಬಿಡಿಸಲು ಹೇಳಿದ್ದೆ. ಅವಳು ಹನ್ನೆರಡನೆಯ ಪ್ರಶ್ನೆಗೆ ಬಂದು, “ಇದಕ್ಕೆ ನಾಲ್ಕು ಪಟ್ಟು ಅಲ್ವೇನೇ? ನಿನ್ನ ಸೂಚಿಯಲ್ಲಿ ಎರಡು ಪಟ್ಟು ಅಂತಿದೆ,” ಎಂದಳು.

ಪ್ರಶ್ನೆ ಹೀಗಿತ್ತು: ಕಂಪನದ ಪಾರ ಎರಡು ಪಟ್ಟಾದರೆ ಶಬ್ದದ ಗಟ್ಟಿತನ ಎಷ್ಟು ಪಟ್ಟಾಗುತ್ತದೆ? ಗಟ್ಟಿತನವು ಪಾರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಪಾಠ ಹೇಳುತ್ತದೆ. ಎರಡರ ವರ್ಗ ನಾಲ್ಕು. ಮೂರನೆಯ ಹಂತದ ಉತ್ತರಸೂಚಿ ಎರಡು ಪಟ್ಟು ಎಂದಿತ್ತು. ಬೇರೆ ಸಂಭಾಷಣೆಯಲ್ಲಿ, ಸೂಚಿಯನ್ನು ನೋಡದೆ ಬರೆದ ನಾಲ್ಕನೆಯ ಹಂತದ ಉತ್ತರವೂ ಎರಡು ಪಟ್ಟು ಎಂದಿತ್ತು. ಎರಡೂ ತಾಳೆಯಾದ್ದರಿಂದ ಐದನೆಯ ಹಂತ ಅದನ್ನು ನನಗೆ ತೋರಿಸಲೇ ಇಲ್ಲ.

ಇಲ್ಲಿ ಸರಪಳಿ ಕೆಲಸಕ್ಕೆ ಬಂತು. ಪ್ರತಿ ಹಂತದ ಫಲವನ್ನೂ ಬೇರೆ ಬೇರೆ ಕಡತವಾಗಿ ಉಳಿಸಿದ್ದೆ, ಹಿಂದಕ್ಕೆ ನಡೆದೆ. ಹನ್ನೆರಡನೆಯ ಪ್ರಶ್ನೆಗೆ ಕೊಟ್ಟಿದ್ದ ಅಂಶ 21. ಅದನ್ನು ತೆರೆದರೆ ಹೀಗಿತ್ತು: “ಪಾರ ಹೆಚ್ಚಿದಷ್ಟೂ ಶಬ್ದದ ಗಟ್ಟಿತನ ಹೆಚ್ಚುತ್ತದೆ.” ಸುಳ್ಳಲ್ಲ. ಆದರೆ ಪಾಠದ ವಾಕ್ಯದಲ್ಲಿದ್ದ ‘ವರ್ಗ’ ಎಂಬ ಪದ ಸಂಕ್ಷೇಪಿಸುವಾಗ ಬಿದ್ದುಹೋಗಿತ್ತು. ಮೂರನೆಯ ಹಂತಕ್ಕೆ ಸಿಕ್ಕಿದ್ದು ಆ ತುಂಡು ಮಾತ್ರ. ‘ಹೆಚ್ಚಿದಷ್ಟೂ’ ಎಂಬುದರಿಂದ ಎರಡು ಪಟ್ಟು ಎಂದು ಬರೆಯಿತು. ನಾಲ್ಕನೆಯ ಹಂತಕ್ಕೆ ಪ್ರಶ್ನೆಗಳ ಜೊತೆ ಆಧಾರಕ್ಕೆಂದು ನಾನು ಕೊಟ್ಟಿದ್ದು ಪಾಠವನ್ನಲ್ಲ, ಅದೇ 29 ಅಂಶಗಳ ಪಟ್ಟಿಯನ್ನು. ಎರಡು ಸಾಕ್ಷಿಗಳು ಬೇರೆ ಬೇರೆ ಎಂದುಕೊಂಡಿದ್ದೆ. ಇಬ್ಬರೂ ಒಂದೇ ಬಾವಿಯ ನೀರು ಕುಡಿದಿದ್ದರು.

ಮೊದಲ ಹಂತದ ನಂತರ ಒಂದೊಂದೇ ಅಂಶ ನೋಡಿದ್ದೆನಲ್ಲ, ಆಗ ಏಕೆ ಸಿಗಲಿಲ್ಲ? ನನ್ನ ಪರಿಶೀಲನೆಯನ್ನೇ ನೆನಪಿಸಿಕೊಂಡೆ. ಅಂಶ 21ರ ಕಂಡಿಕೆಗೆ ಹೋಗಿದ್ದೆ, ಅಲ್ಲಿ ಪಾರ ಮತ್ತು ಗಟ್ಟಿತನದ ಮಾತಿತ್ತು, ಆಧಾರವಿದೆ ಎಂದು ಗುರುತು ಹಾಕಿ ಮುಂದೆ ಹೋಗಿದ್ದೆ. ಮಾದರಿ ಪಾಠಕ್ಕೆ ಏನನ್ನಾದರೂ ಸೇರಿಸಿದೆಯೇ ಎಂದು ಹುಡುಕಿದ್ದೆ. ಪಾಠದಿಂದ ಏನನ್ನಾದರೂ ಬಿಟ್ಟಿದೆಯೇ ಎಂದು ಹುಡುಕಿರಲಿಲ್ಲ. ಸೇರಿಸಿದ್ದನ್ನು ಹಿಡಿಯಲು ಪಟ್ಟಿಯಿಂದ ಪಾಠಕ್ಕೆ ಹೋಗಬೇಕು. ಬಿಟ್ಟದ್ದನ್ನು ಹಿಡಿಯಲು ಪಾಠದಿಂದ ಪಟ್ಟಿಗೆ ಬರಬೇಕು. ಇವು ಎರಡು ಬೇರೆ ಓದು.

ಇದರಿಂದ ಎರಡು ತಿದ್ದುಪಡಿ ಮಾಡಿಕೊಂಡೆ. ಮೊದಲ ಹಂತದ ಪ್ರಾಂಪ್ಟಿಗೆ ಒಂದು ಸಾಲು ಸೇರಿತು: ಸಂಖ್ಯೆ, ಅಳತೆ, ಷರತ್ತು, ಅನುಪಾತ ಇರುವ ವಾಕ್ಯಗಳನ್ನು ಸಂಕ್ಷೇಪಿಸದೆ ಪಾಠದಲ್ಲಿರುವಂತೆಯೇ ಬರೆ. ಎರಡನೆಯದು ಹೆಚ್ಚು ಮುಖ್ಯ: ನಾಲ್ಕನೆಯ ಹಂತಕ್ಕೆ ಪಟ್ಟಿಯನ್ನು ಕೊಡುವುದಿಲ್ಲ, ಮೂಲ ಪಾಠವನ್ನೇ ಕೊಡುತ್ತೇನೆ. ಪ್ರಶ್ನೆ ಬರೆಯುವ ಹಂತಕ್ಕೆ ಹಿಂದಿನ ಕೊಂಡಿಯ ಫಲ ಸಾಕು, ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಪರಿಶೀಲಿಸುವ ಹಂತ ಮಾತ್ರ ಸರಪಳಿಯ ಒಳಗಿನ ಯಾವುದನ್ನೂ ನಂಬದೆ ಸರಪಳಿ ಶುರುವಾದ ಜಾಗಕ್ಕೆ ಹೋಗಬೇಕು. ಹೀಗೆ ಬದಲಿಸಿ ನಾಲ್ಕನೆಯ ಹಂತವನ್ನು ಮತ್ತೆ ನಡೆಸಿದಾಗ ಹನ್ನೆರಡನೆಯ ಪ್ರಶ್ನೆಗೆ ನಾಲ್ಕು ಪಟ್ಟು ಎಂದು ಬಂತು, ಐದನೆಯ ಹಂತ ಅದನ್ನು ಎತ್ತಿ ತೋರಿಸಿತು. ಬೇರೆ ಯಾವ ಪ್ರಶ್ನೆಯೂ ಬದಲಾಗಲಿಲ್ಲ.

ಕುತೂಹಲಕ್ಕೆ ಹಳೆಯ ತಂಬೂರಿ ಪ್ರಶ್ನೆಯನ್ನೂ ಅದರ ತಪ್ಪು ಸೂಚಿಯನ್ನೂ ಈ ಕೊನೆಯ ಎರಡು ಹಂತಗಳಲ್ಲಿ ಹಾಯಿಸಿದೆ. ಪಾಠವನ್ನು ಓದಿ ಉತ್ತರಿಸಿದ ಹಂತ ‘ಆ’ ಎಂದಿತು. ಸಿಕ್ಕಿಬೀಳುತ್ತಿತ್ತು. ಮೊದಲ ಸಲ ಒಂದೇ ಉತ್ತರದಲ್ಲಿ ಎಲ್ಲ ಬಂದಾಗ ಆ ತಪ್ಪು ಎಲ್ಲಿಂದ ಬಂತೆಂದು ಹೇಳಲು ನನಗೆ ಇಂದಿಗೂ ದಾರಿಯಿಲ್ಲ. ಬಹುಶಃ ಆಡುಮಾತಿನ ಗೊಂದಲ ಇರಬಹುದು. ಜೋರು ದನಿಗೂ ಏರುದನಿ ಎನ್ನುತ್ತೇವೆ, ಮೇಲಿನ ಶ್ರುತಿಗೂ ದನಿ ಏರಿತು ಎನ್ನುತ್ತೇವೆ. ‘ಅ’ ಬರೆದ ನನ್ನ 22 ಮಕ್ಕಳೂ ಅಲ್ಲಿಯೇ ಎಡವಿರಬೇಕು. ಎರಡನೆಯ ಪತ್ರಿಕೆಯ ತಪ್ಪಿಗಾದರೆ ಹತ್ತು ನಿಮಿಷದಲ್ಲಿ ವಿಳಾಸ ಸಿಕ್ಕಿತ್ತು: ಹಂತ ಒಂದು, ಅಂಶ 21.

ಇದಕ್ಕೆ ತೆತ್ತ ಸಮಯವನ್ನೂ ಹೇಳಬೇಕು. ಪಾಠ ಟೈಪು ಮಾಡಿದ್ದು ಬಿಟ್ಟು ಮೊದಲ ಸಲ ಎರಡೂವರೆ ಗಂಟೆ ಹಿಡಿಯಿತು. ಆಮೇಲೆ ‘ಬೆಳಕು’ ಪಾಠಕ್ಕೆ ಮಾಡಿದಾಗ ಒಂದು ಗಂಟೆಯೊಳಗೆ ಮುಗಿಯಿತು, ಏಕೆಂದರೆ ಪ್ರಾಂಪ್ಟುಗಳು ಆಗಲೇ ಇದ್ದವು. ಕೈಯಿಂದಲೇ ಪತ್ರಿಕೆ ಮಾಡುವ ಅನುಭವಿ ಶಿಕ್ಷಕರಿಗೆ ಅಷ್ಟು ಹೊತ್ತೂ ಬೇಡ. ತರಗತಿಯ ಕೊನೆಯಲ್ಲಿ ಕೇಳುವ ಐದು ಮೌಖಿಕ ಪ್ರಶ್ನೆಗಳಿಗೆ ಸರಪಳಿ ಕಟ್ಟುವುದು ವ್ಯರ್ಥ. ಒಡೆಯುವುದಕ್ಕೂ ಮಿತಿಯಿದೆ. ‘ಬೆಳಕು’ ಪಾಠದಲ್ಲಿ ಆಸೆಗೆ ಬಿದ್ದು ಎಂಟು ಹಂತ ಮಾಡಿದೆ. ಪ್ರಶ್ನೆಯ ಭಾಷೆ ಸರಳಗೊಳಿಸಲು ಒಂದು, ಬಹು ಆಯ್ಕೆಯ ತಪ್ಪು ಆಯ್ಕೆಗಳನ್ನು ಸುಧಾರಿಸಲು ಇನ್ನೊಂದು. ಸರಳಗೊಳಿಸುವ ಹಂತ “ಪತನ ಕೋನ 30° ಆದರೆ” ಎಂಬುದನ್ನು “ಬೆಳಕು ಓರೆಯಾಗಿ ಬಿದ್ದರೆ” ಎಂದು ಮಾಡಿ ಲೆಕ್ಕವನ್ನೇ ತೆಗೆದುಹಾಕಿತು. ಪ್ರತಿ ಹಸ್ತಾಂತರದಲ್ಲೂ ಏನೋ ಒಂದು ಜಾರಬಹುದು. ಆದ್ದರಿಂದ ಈಗ ನನ್ನ ನಿಯಮ ಸರಳ: ಎರಡು ಕೆಲಸಗಳ ನಡುವೆ ನಿಂತು ನಾನು ನಿಜವಾಗಿ ಏನನ್ನಾದರೂ ನೋಡುವೆನಾದರೆ ಅಲ್ಲಿ ಒಡೆಯುತ್ತೇನೆ. ನೋಡದೆ ಮುಂದಕ್ಕೆ ಅಂಟಿಸುವೆನಾದರೆ ಅವು ಎರಡೂ ಒಂದೇ ಹಂತವಾಗಿರಲಿ.

ಮರುಪರೀಕ್ಷೆಗೆ ಮೊದಲು ತರಗತಿಗೆ ಹೋಗಿ ನಾಲ್ಕನೆಯ ಪ್ರಶ್ನೆಯ ಸೂಚಿ ತಪ್ಪಾಗಿತ್ತು, ತಪ್ಪು ನನ್ನದು ಎಂದು ಹೇಳಿದೆ. 11 ಮಕ್ಕಳ ಅಂಕ ಸೇರಿಸಿದೆ. ಉಳಿದವರ ಅಂಕ ಕಳೆಯಲಿಲ್ಲ. ಅದರ ಬದಲು ಒಂದು ಕಂಪಾಸ್ ಪೆಟ್ಟಿಗೆಗೆ ರಬ್ಬರ್ ಬ್ಯಾಂಡ್ ಸುತ್ತಿ ಮೇಜಿನ ಮೇಲಿಟ್ಟು, ಆ ಹುಡುಗಿಯನ್ನೇ ಕರೆದು ಮೀಟಲು ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸದ್ದು ದೊಡ್ಡದಾಯಿತು, ಶ್ರುತಿ ಹಾಗೆಯೇ ಇತ್ತು. ಆಮೇಲೆ ಅವಳು ರಬ್ಬರನ್ನು ಒಂದು ಬದಿಯಿಂದ ಬಿಗಿಯಾಗಿ ಎಳೆದು ಹಿಡಿದು ಮೆಲ್ಲಗೆ ಮೀಟಿದಳು. ಸದ್ದು ಚಿಕ್ಕದು, ಆದರೆ ಕೀಚಲು.

“ಈಗ ಬಿರಡೆ ತಿರುಗಿಸ್ದಂಗಾಯ್ತು,” ಎಂದಳು, ನನಗಲ್ಲ, ಹಿಂದಿನ ಬೆಂಚಿನವರಿಗೆ.

ಮರುಪರೀಕ್ಷೆಯಲ್ಲಿ ಅದೇ ಅಂಶವನ್ನು ಬೇರೆ ರೂಪದಲ್ಲಿ ಕೇಳಿದ್ದೆ: ಒಂದೇ ಡೋಲನ್ನು ಮೆಲ್ಲಗೆ ಮತ್ತು ಜೋರಾಗಿ ಬಾರಿಸಿದಾಗ ಬರುವ ಎರಡು ಸದ್ದುಗಳಲ್ಲಿ ಬೇರೆಯಾಗುವುದು ಯಾವುದು? 38ರಲ್ಲಿ 33 ಮಕ್ಕಳು ಪಾರ ಎಂದು ಬರೆದರು. ಈ ಸಲ ಉತ್ತರಸೂಚಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುವ ಮೊದಲು ಪ್ರಶ್ನೆಪತ್ರಿಕೆಯನ್ನು ನಾನೇ ಒಮ್ಮೆ ಕೂತು ಬರೆದಿದ್ದೆ. ಸರಪಳಿಯ ಆರನೆಯ ಹಂತ ಅದು. ಅದಕ್ಕೆ ಪ್ರಾಂಪ್ಟ್ ಇಲ್ಲ.